ಕಣ್ಣು ಕೆಂಪಾದದ್ದೆಲ್ಲ ಮದ್ರಾಸ್ ಐ ಅಲ್ಲ

2023ರ ಮಳೆಗಾಲದಲ್ಲಿ ಕರ್ನಾಟಕದ ಊರೂರಲ್ಲೂ ಕಣ್ಣುಬೇನೆ ಹಬ್ಬಿತ್ತು. ಆಗ ಕಣ್ಣು ಕೆಂಪಾಗಿದೆ ಅಂದರೆ ಮುಗಿಯಿತು, ಅದು ಮದ್ರಾಸ್ ಐ. ಆದರೆ ರೋಗ ಯಾವುದೆಂದು ಹೇಳುವುದರಲ್ಲಿ ತೀರ ಕಡಿಮೆ ಉಪಯೋಗಕ್ಕೆ ಬರುವುದೇ ಈ ಕೆಂಪು. ಬಿಳಿಗುಡ್ಡೆಯ ಮೇಲಿನ ತೆಳುಪೊರೆ ಕೆರಳಿದರೆ ಅದರೊಳಗಿನ ಸಣ್ಣ ರಕ್ತನಾಳಗಳು ಉಬ್ಬುತ್ತವೆ, ಅಷ್ಟೆ. ಕೆರಳಿಸಿದ್ದು ಧೂಳೋ, ವೈರಸ್ಸೋ, ಬ್ಯಾಕ್ಟೀರಿಯವೋ ಎನ್ನುವುದನ್ನು ಬಣ್ಣ ಹೇಳುವುದಿಲ್ಲ. ಕೈ ಎಷ್ಟು ಸಲ ಕಣ್ಣಿಗೆ ಹೋಗುತ್ತಿದೆ, ಬೆಳಿಗ್ಗೆ ರೆಪ್ಪೆಯಲ್ಲಿ ಏನು ಅಂಟಿದೆ, ಶುರುವಾದದ್ದು ಹೇಗೆ ಎಂದು ವಿಚಾರಿಸಿದರೆ ಹೆಚ್ಚು ಗೊತ್ತಾಗುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಒಂಬತ್ತು ವರ್ಷದ ಹುಡುಗ. ಬಿಸಿಲು ಏರುತ್ತಿದ್ದಂತೆ ಪ್ರತಿ ವರ್ಷವೂ ಅವನ ಎರಡೂ ಕಣ್ಣು ಒಟ್ಟಿಗೇ ಕೆಂಪಾಗುತ್ತವೆ. ಮೈದಾನದಿಂದ ಬಂದವನು ಬೆರಳ ಗೆಣ್ಣಿನಿಂದ ಗಸಗಸ ಉಜ್ಜುತ್ತಾನೆ. ಬೇಡ ಎಂದು ಅಮ್ಮ ಗದರಿದರೆ ಕೈ ತೆಗೆದು, ಅವಳು ಆಚೆ ತಿರುಗಿದೊಡನೆ ಮತ್ತೆ ಉಜ್ಜುತ್ತಾನೆ. ಕಣ್ಣಿನ ಮೂಲೆಯಿಂದ ಬರುವುದು ಕೀವಲ್ಲ, ಎಳೆದರೆ ದಾರದಂತೆ ಬರುವ ಬಿಳಿ ಲೋಳೆ. ಜೊತೆಗೆ ಸೀನು, ಮೂಗು ಸೋರುವುದು. ಇದು ಅಲರ್ಜಿ. ತುರಿಕೆಯೇ ಇದರ ಮುಖ್ಯ ಗುರುತು. ತುರಿಕೆಯೇ ಇಲ್ಲ ಅಂದರೆ ಅಲರ್ಜಿ ಎನ್ನುವ ಮುನ್ನ ಎರಡು ಸಲ ಯೋಚಿಸಬೇಕು. ನಮ್ಮ ಕಡೆ ರಸ್ತೆಯ ಧೂಳು, ಹಾಸಿಗೆಯ ಧೂಳುಹುಳ, ಹೂಬಿಟ್ಟ ಪಾರ್ಥೇನಿಯಂ ಎಲ್ಲವೂ ಇದನ್ನು ಕೆರಳಿಸಬಲ್ಲವು. ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ಬೇಸಿಗೆಗೆ ಜೋರಾಗುವ ಒಂದು ತೀವ್ರ ಬಗೆಯೂ ಇದೆ. ಅದರಲ್ಲಿ ಮೇಲಿನ ರೆಪ್ಪೆ ಮಗುಚಿದರೆ ಒಳಗೆ ದಪ್ಪ ಗಂಟುಗಳು ಕಾಣುತ್ತವೆ. ಅಲರ್ಜಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಆದ್ದರಿಂದ ಈ ಹುಡುಗನನ್ನು ಶಾಲೆಯಿಂದ ವಾಪಸು ಕಳಿಸುವುದರಲ್ಲಿ ಅರ್ಥವಿಲ್ಲ.

ಈಗ ಅದೇ ಮನೆಯ ಅಮ್ಮ. ಜುಲೈಯ ಒಂದು ಬೆಳಿಗ್ಗೆ ಬಲಗಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ, ನೀರು ಧಾರೆಯಾಗಿ ಸುರಿಯುತ್ತದೆ. ಹಿಂದಿನ ವಾರ ಗಂಟಲು ಕೆರೆದು ನೆಗಡಿಯಾಗಿತ್ತು. ಎರಡು ಮೂರು ದಿನಕ್ಕೆ ಎಡಗಣ್ಣೂ ಹಿಡಿಯುತ್ತದೆ. ಕಿವಿಯ ಮುಂದೆ ಬೆರಳೊತ್ತಿದರೆ ನೋಯುವ ಸಣ್ಣ ಗಂಟು ಸಿಗುತ್ತದೆ. ಇದು ವೈರಸ್ಸಿನದು, ಬಹುಪಾಲು ಅಡಿನೋವೈರಸ್. ಮೊದಲ ನಾಲ್ಕೈದು ದಿನ ಏರಿ, ಎರಡು ವಾರದ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಆ್ಯಂಟಿಬಯೋಟಿಕ್ ಹನಿ ಇದನ್ನು ಒಂದು ದಿನವೂ ಬೇಗ ವಾಸಿಮಾಡುವುದಿಲ್ಲ. ತಣ್ಣೀರಿನ ಬಟ್ಟೆ, ಕಣ್ಣೀರಿನಂಥ ಹನಿ ಸಾಕು. ಇದು ಹರಡುವುದು ನೋಟದಿಂದಲ್ಲ, ಕೈ, ಟವಲ್, ದಿಂಬಿನ ಕವರಿನಿಂದ. ಕಪ್ಪು ಕನ್ನಡಕ ಹಾಕಿಕೊಂಡವರಿಗೆ ಬೆಳಕಿನ ಕಾಟ ತಪ್ಪೀತು; ಎದುರಿನವರಿಗೆ ರಕ್ಷಣೆ ಸಿಗುವುದಿಲ್ಲ.

ಬ್ಯಾಕ್ಟೀರಿಯದ ಕಣ್ಣು ಮಕ್ಕಳಲ್ಲೇ ಹೆಚ್ಚು. ಹಳದಿ ಅಥವಾ ಹಸಿರು ಗಟ್ಟಿ ಕೀವು, ಒರೆಸಿದ ಸ್ವಲ್ಪ ಹೊತ್ತಿಗೇ ಮತ್ತೆ ಬರುತ್ತದೆ; ಕೆಲವು ಮಕ್ಕಳಿಗೆ ಜೊತೆಗೆ ಕಿವಿನೋವೂ ಇರುತ್ತದೆ. ಇದಕ್ಕೆ ಹನಿ ಕೆಲಸ ಮಾಡುತ್ತದೆ. ಆದರೆ ರೆಪ್ಪೆ ಅಂಟಿದ ಮಾತ್ರಕ್ಕೆ ಬ್ಯಾಕ್ಟೀರಿಯ ಎನ್ನುವಂತಿಲ್ಲ, ವೈರಸ್ಸಿನಲ್ಲೂ ಬೆಳಿಗ್ಗೆ ಸ್ವಲ್ಪ ಅಂಟುತ್ತದೆ. ನೆದರ್‌ಲೆಂಡ್ಸ್‌ನ ವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳಿಗ್ಗೆ ಎರಡೂ ಕಣ್ಣು ಅಂಟಿಕೊಂಡಿದ್ದರೆ ಬ್ಯಾಕ್ಟೀರಿಯದ ಸಾಧ್ಯತೆ ಹೆಚ್ಚು, ತುರಿಕೆಯಿದ್ದರೆ ಕಡಿಮೆ ಎಂದು ಕಂಡುಬಂತು. ಒಂದು ಲಕ್ಷಣ ಹಿಡಿದು ತೀರ್ಮಾನಿಸುವುದಕ್ಕಿಂತ ಇಂಥವನ್ನು ಸೇರಿಸಿ ನೋಡುವುದೇ ವೈದ್ಯರ ದಾರಿ.

ನನ್ನ ಮಟ್ಟಿಗೆ ನಿಜವಾದ ಅಪಾಯ ಆ ಹುಡುಗನಿಗೆ. ಊರೆಲ್ಲ ಕಣ್ಣುಬೇನೆ ಇದ್ದಾಗ ಅವನ ಅಲರ್ಜಿಗೂ ಅಂಗಡಿಯಿಂದ ಒಂದು ಬಾಟಲು ಬರುತ್ತದೆ. ಆ್ಯಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಬೆರೆಸಿದ ಹನಿ, ಚೀಟಿಯಿಲ್ಲದೆ. ಸ್ಟೀರಾಯ್ಡ್ ಉರಿ ತಗ್ಗಿಸುವುದರಿಂದ ಎರಡು ದಿನಕ್ಕೇ ಕಣ್ಣು ಬಿಳುಪಾಗುತ್ತದೆ, ಮನೆಯವರಿಗೆ ನಂಬಿಕೆ ಕೂರುತ್ತದೆ. ಮುಂದಿನ ಬೇಸಿಗೆಗೂ ಅದೇ ಬಾಟಲಿನ ಹೆಸರು ಹೇಳಿ ತರುತ್ತಾರೆ. ತಿಂಗಳುಗಟ್ಟಲೆ ಹಾಕಿದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ನೋವಿಲ್ಲದೆ ಏರಿ ಗ್ಲಾಕೋಮಾ ಆಗುತ್ತದೆ, ಅಂಚಿನಿಂದ ದೃಷ್ಟಿ ಹೋಗುತ್ತದೆ. ಪೊರೆಯೂ ಬೆಳೆಯಬಹುದು. ಕಣ್ಣು ಕೆಂಪಾಗಿರುವುದು ಹರ್ಪಿಸ್ ವೈರಸ್ಸಿನಿಂದ ಆಗಿದ್ದರಂತೂ ಸ್ಟೀರಾಯ್ಡ್ ಕಾರ್ನಿಯಾದ ಹುಣ್ಣನ್ನು ದೊಡ್ಡದು ಮಾಡುತ್ತದೆ. ಅಲರ್ಜಿಗೆ ಬೇಕಾದದ್ದು ಒಲೊಪಟಡೀನ್‌ನಂಥ ಅಲರ್ಜಿ ಹನಿ, ತಣ್ಣೀರು ಬಟ್ಟೆ, ಉಜ್ಜದಿರುವುದು. ವರ್ಷಗಟ್ಟಲೆ ಉಜ್ಜಿದ ಕಣ್ಣಿನಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಚಾಚಬಹುದು. ಸ್ಟೀರಾಯ್ಡ್ ಬೇಕಾದರೆ ಕಣ್ಣಿನ ಒತ್ತಡ ಅಳೆಯುವ ವೈದ್ಯರೇ ಬರೆಯಲಿ. ಮನೆಯಲ್ಲಿರುವ ಬಾಟಲಿನ ಲೇಬಲ್ಲಿನಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್.

ಕಣ್ಣು ತುಂಬಾ ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ನೋಟ ಮಸುಕಾಗಿ ಮಿಟುಕಿಸಿದರೂ ತಿಳಿಯಾಗದಿದ್ದರೆ ಈ ಮೂರರ ಲೆಕ್ಕವನ್ನೇ ಬಿಟ್ಟು ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ಕೆಂಪಾದರೂ ಹಾಗೆಯೇ, ಲೆನ್ಸ್ ತೆಗೆದು. ಹುಟ್ಟಿ ತಿಂಗಳಾಗದ ಕೂಸಿನ ಕಣ್ಣಲ್ಲಿ ಕೀವು ಕಂಡರೆ ಎದೆಹಾಲು ಹಿಂಡುತ್ತ ಕೂರದೆ ತಕ್ಷಣ ಹೊರಡಬೇಕು, ಹೆರಿಗೆಯ ವೇಳೆ ಅಂಟುವ ಕೆಲವು ಸೋಂಕುಗಳು ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ತೂತು ಮಾಡಬಲ್ಲವು.