ಹಾಲುಹಲ್ಲಿನ ಹುಳುಕಿಗೆ ಬೆಳ್ಳಿಯ ಹನಿ

ಸಿಲ್ವರ್ ಡೈಅಮೈನ್ ಫ್ಲೋರೈಡ್ ಹುಳುಕು ಹಲ್ಲಿಗೆ ಹಚ್ಚುವ ಒಂದು ದ್ರವ. ದಂತವೈದ್ಯರು ಇದನ್ನು ಎಸ್‌ಡಿಎಫ್ ಎಂದು ಕರೆಯುತ್ತಾರೆ. ಇದು ಹಲ್ಲಿನ ಗುಳಿಯನ್ನು ತುಂಬುವುದಿಲ್ಲ, ಕೊಳೆತ ಭಾಗವನ್ನು ಕೆರೆದು ತೆಗೆಯುವುದೂ ಇಲ್ಲ. ಹುಳುಕು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಗೇ ಅದನ್ನು ನಿಲ್ಲಿಸುತ್ತದೆ. ಕೊರೆಯುವ ಯಂತ್ರವಾಗಲಿ ಮರಗಟ್ಟಿಸುವ ಸೂಜಿಯಾಗಲಿ ಬೇಕಾಗುವುದಿಲ್ಲ. ಒಂದು ಹಲ್ಲಿಗೆ ಒಂದು ನಿಮಿಷ ಹಿಡಿಯುತ್ತದೆ. ತೊಂದರೆ ಇರುವುದು ಒಂದೇ, ಆದರೆ ಅದು ಎದ್ದು ಕಾಣುವಂಥದು: ಹುಳುಕಾಗಿದ್ದ ಜಾಗ ಕಪ್ಪಾಗುತ್ತದೆ, ಆ ಕಪ್ಪು ಉಜ್ಜಿದರೆ ಹೋಗುವುದಿಲ್ಲ.

ಈ ದ್ರವ ಹೊಸದೇನಲ್ಲ. 1960ರ ದಶಕದ ಕೊನೆಯಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ ಮಿಜುಹೊ ನಿಶಿನೊ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಜಪಾನಿನಲ್ಲಿ ದಶಕಗಳಿಂದ ಬಳಕೆಯಲ್ಲಿದ್ದರೂ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2014ರಲ್ಲಿ, ಅದೂ ಹಲ್ಲು ಜುಮ್ಮೆನ್ನುವುದಕ್ಕೆ ಪರಿಹಾರವೆಂದು. ಹುಳುಕಿಗೆ ಹಚ್ಚುವುದನ್ನು ಅಲ್ಲಿನ ವೈದ್ಯರು ತಮ್ಮ ವಿವೇಚನೆಯ ಮೇಲೆ ಶುರುಮಾಡಿದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಇದನ್ನು ಸೇರಿಸಿತು.

ಪುಟ್ಟ ಮಕ್ಕಳ ಹುಳುಕು ಹೆಚ್ಚಾಗಿ ಮೇಲಿನ ನಾಲ್ಕು ಬಾಚಿಹಲ್ಲುಗಳಲ್ಲಿ ಮೊದಲು ಕಾಣಿಸುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಗು ನಿದ್ದೆಹೋದಾಗ ಹಾಲು ಈ ಹಲ್ಲುಗಳ ಸುತ್ತ ನಿಲ್ಲುತ್ತದೆ. ನಿದ್ದೆಯಲ್ಲಿ ಜೊಲ್ಲು ಒಸರುವುದು ಕಡಿಮೆಯಾಗಿರುವುದರಿಂದ ಅದು ತೊಳೆದುಹೋಗುವುದೂ ಇಲ್ಲ. ಕೆಳಗಿನ ಬಾಚಿಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ವಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆಯಾಗಿ ಶುರುವಾಗುವ ಹುಳುಕು ಕ್ರಮೇಣ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಹಾಲುಹಲ್ಲಿನ ಎನಾಮೆಲ್ ತೆಳು, ಒಳಗಿನ ತಿರುಳು ದೊಡ್ಡದು; ಹಾಗಾಗಿ ಕೆಲವೇ ತಿಂಗಳಲ್ಲಿ ಹುಳುಕು ತಿರುಳಿನ ಹತ್ತಿರ ತಲುಪಿಬಿಡುತ್ತದೆ. ಮೂರು ವರ್ಷದ ಮಗುವನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕೈದು ಹಲ್ಲು ಕೊರೆದು ತುಂಬುವುದು ಸುಲಭವಲ್ಲ. ಎಷ್ಟೋ ಸಲ ಪೂರ್ಣ ಅರಿವಳಿಕೆ ಕೊಟ್ಟೇ ಮಾಡಬೇಕಾಗುತ್ತದೆ. ಆಸ್ಪತ್ರೆಯ ಖರ್ಚು, ಅರಿವಳಿಕೆಯ ಅಪಾಯ ಎರಡೂ ಅದರ ಜೊತೆಗೇ ಬರುತ್ತವೆ. ಎಸ್‌ಡಿಎಫ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ. ಮಗು ದೊಡ್ಡದಾಗಿ ಚಿಕಿತ್ಸೆಗೆ ಒಗ್ಗುವವರೆಗೆ, ಇಲ್ಲವೆ ಹಾಲುಹಲ್ಲು ತಾನಾಗಿ ಬೀಳುವವರೆಗೆ, ಇದು ಕಾಲಾವಕಾಶ ಒದಗಿಸುತ್ತದೆ.

ಸಾಮಾನ್ಯವಾಗಿ ಬಳಸುವ ದ್ರಾವಣ 38 ಶೇಕಡಾ ಪ್ರಮಾಣದ್ದು. ಅದರಲ್ಲಿ ಸುಮಾರು ಕಾಲು ಭಾಗ ಬೆಳ್ಳಿ, 5 ಶೇಕಡಾದಷ್ಟು ಫ್ಲೋರೈಡ್ ಇರುತ್ತದೆ. ಇವೆರಡನ್ನೂ ನೀರಿನಲ್ಲಿ ಕರಗಿದಂತೆ ಹಿಡಿದಿಡುವುದು ಅಮೋನಿಯ. ಬೆಳ್ಳಿ ಹುಳುಕಿನೊಳಗಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಮೆತ್ತಗಾದ ಭಾಗದಲ್ಲಿ ಇನ್ನೂ ಉಳಿದಿರುವ ಪ್ರೋಟೀನಿನ ಎಳೆಗಳನ್ನು ಕರಗಿಸುವ ಕಿಣ್ವಗಳನ್ನೂ ಈ ದ್ರವ ತಡೆಯುತ್ತದೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಆ ಎಳೆಗಳ ನಡುವೆ ಮತ್ತೆ ಕೂರಲು ಫ್ಲೋರೈಡ್ ನೆರವಾಗುತ್ತದೆ. ಹೀಗೆ ಬೆಣ್ಣೆಯಷ್ಟು ಮೆತ್ತಗಿದ್ದ ಜಾಗ ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ.

ಮೂರೂವರೆ ವರ್ಷದ, 14 ಕಿಲೋ ತೂಕದ ಒಂದು ಮಗುವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೇಲಿನ ನಾಲ್ಕೂ ಬಾಚಿಹಲ್ಲುಗಳಲ್ಲಿ ವಸಡಿನ ಬಳಿ ಕಂದು ಗುಳಿಗಳಿವೆ, ಕೆಳಗಿನ ಒಂದು ದವಡೆಹಲ್ಲಿನಲ್ಲೂ ಗುಳಿ ಬಿದ್ದಿದೆ. ದ್ರವದ ಬಾಟಲಿ ತೆರೆಯುವುದಕ್ಕೆ ಮುಂಚೆ ವೈದ್ಯರು ಕೇಳಬೇಕಾದ ಪ್ರಶ್ನೆಗಳಿವೆ. ಮಗು ರಾತ್ರಿ ನೋವಿನಿಂದ ಎದ್ದು ಅಳುತ್ತದೆಯೇ? ಕೆನ್ನೆ ಊದಿದೆಯೇ? ಹಲ್ಲಿನ ಬುಡದ ವಸಡಿನಲ್ಲಿ ಕೀವಿನ ಗುಳ್ಳೆ ಎದ್ದಿದೆಯೇ? ಇವುಗಳಲ್ಲಿ ಒಂದಿದ್ದರೂ ಹುಳುಕು ತಿರುಳಿಗೆ ಮುಟ್ಟಿದೆ ಎಂದೇ ಅರ್ಥ. ಆ ಹಲ್ಲಿಗೆ ಎಸ್‌ಡಿಎಫ್ ಹಚ್ಚಿ ಪ್ರಯೋಜನವಿಲ್ಲ. ಅದಕ್ಕೆ ತಿರುಳಿನ ಚಿಕಿತ್ಸೆ ಮಾಡಬೇಕು ಅಥವಾ ಅದನ್ನು ಕೀಳಬೇಕು. ಮಗು ಸಹಕರಿಸಿದರೆ ಎಕ್ಸ್‌ರೇ ತೆಗೆದು ಗುಳಿ ತಿರುಳಿನಿಂದ ಎಷ್ಟು ದೂರವಿದೆ ಎಂದು ನೋಡುವುದು ಒಳ್ಳೆಯದು. ಬೆಳ್ಳಿ ಒಗ್ಗದವರಿಗೆ, ಬಾಯಿಹುಣ್ಣಾಗಿರುವ ಮಕ್ಕಳಿಗೆ ಇದನ್ನು ಹಚ್ಚುವುದಿಲ್ಲ.

ಈ ಮಗುವಿಗೆ ಅಂಥ ಲಕ್ಷಣಗಳಿಲ್ಲ ಎಂದುಕೊಂಡರೆ ಕೆಲಸ ನೇರವಾದದ್ದು. ಹಲ್ಲಿಗಂಟಿದ ಪಾಚಿ, ಗುಳಿಯಲ್ಲಿನ ಆಹಾರದ ಚೂರುಗಳನ್ನು ಮೊದಲು ಒರೆಸುತ್ತಾರೆ. ತುಟಿಗೂ ವಸಡಿಗೂ ವ್ಯಾಸಲೀನ್ ಸವರಿ, ಕೆನ್ನೆಯ ಕಡೆ ಹತ್ತಿಯ ಸುರುಳಿ ಇಟ್ಟು, ಹಲ್ಲನ್ನು ಒಣಗಿಸುತ್ತಾರೆ. ಒಣಗಿಸುವುದು ಸಣ್ಣ ಕೆಲಸವೆನಿಸಿದರೂ ಫಲಿತಾಂಶ ಬಹುಪಾಲು ಅದರ ಮೇಲೇ ನಿಂತಿದೆ: ಜೊಲ್ಲು ತುಂಬಿದ ಗುಳಿಯೊಳಕ್ಕೆ ದ್ರವ ಇಳಿಯುವುದಿಲ್ಲ. ಪ್ಲಾಸ್ಟಿಕ್ ಬಟ್ಟಲಿಗೆ ಒಂದು ಹನಿ ಹಾಕಿ, ಬೆಂಕಿಕಡ್ಡಿಗಿಂತ ತೆಳುವಾದ ಸಣ್ಣ ಕುಂಚದಿಂದ ಒಂದೊಂದೇ ಗುಳಿಗೆ ಮುಟ್ಟಿಸಿ ಒಂದು ನಿಮಿಷ ಬಿಡುತ್ತಾರೆ. ಉಳಿದದ್ದನ್ನು ಹತ್ತಿಯಿಂದ ಹೀರಿ ತೆಗೆಯುತ್ತಾರೆ. ಬಾಯಲ್ಲಿ ಸ್ವಲ್ಪ ಹೊತ್ತು ಲೋಹದ ರುಚಿ ಉಳಿಯುತ್ತದೆ. ವಸಡಿಗೆ ತಗುಲಿದ್ದರೆ ಅಲ್ಲಿ ಬಿಳಿಚಿಕೊಂಡು, ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ಮಗುವಿನ 10 ಕಿಲೋ ತೂಕಕ್ಕೆ ಒಂದು ಸಲಕ್ಕೆ ಒಂದು ಹನಿ ಎಂಬುದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ದಂತವೈದ್ಯರು ಹಾಕಿಕೊಟ್ಟ ಮಿತಿ. ಐದು ಹಲ್ಲುಗಳಿಗೆ ಒಂದು ಹನಿ ಸಾಕಾಗುವುದರಿಂದ ಈ ಮಗುವಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಆ ಹನಿಯಲ್ಲಿ ಫ್ಲೋರೈಡ್ ಇರುವುದು ಸುಮಾರು 1 ಮಿಲಿಗ್ರಾಂ, ಪೂರ್ತಿ ನುಂಗಿದರೂ ವಿಷವಾಗುವ ಪ್ರಮಾಣಕ್ಕೆ ಅದು ಬಹುದೂರ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಹಲ್ಲು ಕಂದಾಗುವುದನ್ನು ನೋಡಿದವರಿಗೆ ಆ ಹೆಸರು ಕೇಳಿದರೇ ಅಳುಕಾಗುವುದು ಸಹಜ. ಆದರೆ ಅದು ವರ್ಷಗಟ್ಟಲೆ ದಿನನಿತ್ಯ ಕುಡಿದ ನೀರಿನಿಂದ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆಗುವ ಕಲೆ. ಎಸ್‌ಡಿಎಫ್‌ನ ಕಪ್ಪಿಗೆ ಫ್ಲೋರೈಡ್ ಕಾರಣವಲ್ಲ, ಬೆಳ್ಳಿ ಕಾರಣ.

ಬೆಳ್ಳಿಯ ಲವಣಗಳು ಬೆಳಕಿಗೆ ಕಪ್ಪಾಗುತ್ತವೆ. ಮತದಾನದ ದಿನ ಬೆರಳಿಗೆ ಹಚ್ಚುವ, ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ತಯಾರಾಗುವ ಶಾಯಿ ಅಳಿಸಲಾಗದ್ದಾಗಿರುವುದೂ ಅದರೊಳಗಿನ ಬೆಳ್ಳಿಯ ಲವಣದಿಂದಲೇ. ಬೆರಳಿನ ಚರ್ಮ ಸುಲಿದು ಉಗುರು ಬೆಳೆದ ಹಾಗೆ ಶಾಯಿ ಹೋಗುತ್ತದೆ. ಎಸ್‌ಡಿಎಫ್ ಮಗುವಿನ ತುಟಿಗೋ ಕೆನ್ನೆಗೋ ತಾಗಿದರೂ ಹಾಗೆಯೇ, ಒಂದೆರಡು ವಾರದಲ್ಲಿ ಕಲೆ ಮಾಯವಾಗುತ್ತದೆ. ಹಲ್ಲು ಚರ್ಮದಂತೆ ಸುಲಿಯುವುದಿಲ್ಲವಾದ್ದರಿಂದ ಅಲ್ಲಿಯ ಕಪ್ಪು ಉಳಿದುಬಿಡುತ್ತದೆ. ಅಂಗಿಗೆ ಬಿದ್ದ ಹನಿಯೂ ಒಗೆದರೆ ಹೋಗದು. ಸಮಾಧಾನದ ವಿಷಯವೆಂದರೆ ಗಟ್ಟಿಯಾದ ಆರೋಗ್ಯವಂತ ಎನಾಮೆಲ್‌ಗೆ ಕಲೆ ಹಿಡಿಯುವುದಿಲ್ಲ. ಬೆಳ್ಳಿ ನೆಲೆನಿಲ್ಲುವುದು ಖನಿಜ ಕಳೆದುಕೊಂಡು ಜಾಳಾದ ಭಾಗದಲ್ಲಿ ಮಾತ್ರ. ಇಡೀ ಹಲ್ಲು ಕಪ್ಪಾಯಿತೆಂದು ದೂರುವ ಕಡೆ ಹೆಚ್ಚಾಗಿ ಇಡೀ ಹಲ್ಲಿಗೇ ಹುಳುಕು ಹಬ್ಬಿರುತ್ತದೆ.

ಹುಳುಕು ನಿಂತಿದೆಯೋ ಇಲ್ಲವೋ ಎಂದು ಬಣ್ಣ ನೋಡಿಯಷ್ಟೇ ಹೇಳಲಾಗದು. ಎರಡರಿಂದ ನಾಲ್ಕು ವಾರಗಳ ನಂತರ ವೈದ್ಯರು ಮೊಂಡುತುದಿಯ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡುತ್ತಾರೆ. ಜಾಗ ಕಪ್ಪಾಗಿ, ಹೊಳಪಾಗಿ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಹುಳುಕು ನಿಂತಿದೆ. ಕಪ್ಪಿನ ನಡುವೆ ಕಂದು ಬಣ್ಣದ ಮೆತ್ತನೆ ಅಂಚು ಸಿಕ್ಕರೆ ಅಲ್ಲಿ ಇನ್ನೂ ನಡೆಯುತ್ತಿದೆ, ಮತ್ತೆ ಹಚ್ಚಬೇಕು. ನಮ್ಮ ಉದಾಹರಣೆಯ ಮಗುವಿನಲ್ಲಿ ಬಾಚಿಹಲ್ಲುಗಳು ಬೇಗ ಗಟ್ಟಿಯಾಗಿ ದವಡೆಹಲ್ಲು ಹಿಂದುಳಿಯುವ ಸಂಭವ ಹೆಚ್ಚು; ಮುಂದಿನ ಹಲ್ಲನ್ನು ಉಜ್ಜುವುದು ಸುಲಭ, ದವಡೆಯ ಗುಳಿಯಲ್ಲಿ ಅನ್ನ, ಬಿಸ್ಕತ್ತು ಸಿಕ್ಕಿಕೊಂಡೇ ಇರುತ್ತವೆ. ಆ ಗುಳಿ ಗಟ್ಟಿಯಾದ ಮೇಲೆ ಗ್ಲಾಸ್ ಅಯನೋಮರ್ ಎಂಬ ಸಿಮೆಂಟಿನಿಂದ ಕೊರೆಯದೆಯೇ ಮುಚ್ಚಬಹುದು.

ಒಂದು ಸಲ ಹಚ್ಚಿ ಮರೆತುಬಿಡುವ ಔಷಧಿ ಇದಲ್ಲ. ಹಾಂಗ್‌ಕಾಂಗಿನಲ್ಲಿ ಶಿಶುವಿಹಾರದ 888 ಮಕ್ಕಳನ್ನು ಸೇರಿಸಿಕೊಂಡು 30 ತಿಂಗಳು ನಡೆಸಿದ ಒಂದು ಅಧ್ಯಯನದಲ್ಲಿ 38 ಶೇಕಡಾ ದ್ರಾವಣವನ್ನು ವರ್ಷಕ್ಕೊಮ್ಮೆ ಹಚ್ಚಿದಾಗ ಸುಮಾರು 67 ಶೇಕಡಾ ಹುಳುಕು ನಿಂತಿತು, ಆರು ತಿಂಗಳಿಗೊಮ್ಮೆ ಹಚ್ಚಿದಾಗ ಸುಮಾರು 76 ಶೇಕಡಾ. ಎಂದರೆ ಕ್ರಮವಾಗಿ ಹಚ್ಚಿದರೂ ನಾಲ್ಕರಲ್ಲಿ ಒಂದು ಗುಳಿ ಮುಂದುವರಿಯಬಹುದು. ರಾತ್ರಿಯ ಬಾಟಲಿ ತಪ್ಪದಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ.

ಹೆತ್ತವರು ಹಿಂಜರಿಯುವುದು ಮುಂದಿನ ಹಲ್ಲಿನ ವಿಷಯಕ್ಕೆ. ನ್ಯೂಯಾರ್ಕ್ ಪ್ರದೇಶದ ಪೋಷಕರಿಗೆ ಚಿತ್ರ ತೋರಿಸಿ ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ದವಡೆಹಲ್ಲಿನ ಕಪ್ಪನ್ನು ಸಹಿಸಬಹುದೆಂದರು. ಬಾಚಿಹಲ್ಲಿಗೆ ಹಾಗೆಂದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಇದನ್ನು ಬರೀ ಅಂದದ ಹಂಬಲವೆಂದು ತಳ್ಳಿಹಾಕುವುದು ಸರಿಯಲ್ಲ. ಮದುವೆಮನೆಯಲ್ಲಿ, ಅಂಗನವಾಡಿಯಲ್ಲಿ ಆ ಹಲ್ಲನ್ನು ನೋಡಿ ಕೇಳುವವರಿಗೆ ಉತ್ತರ ಹೇಳಬೇಕಾದವರು ತಾಯಿತಂದೆಯರೇ. ಹಚ್ಚುವ ಮುಂಚೆಯೇ ಕಪ್ಪಾದ ಹಲ್ಲಿನ ಚಿತ್ರ ತೋರಿಸಿ ಒಪ್ಪಿಗೆ ಪಡೆಯುವುದು ಅದಕ್ಕೇ ಅಗತ್ಯ. ‘ಸ್ವಲ್ಪ ಬಣ್ಣ ಬದಲಾಗುತ್ತದೆ’ ಎಂದಷ್ಟೇ ಹೇಳಿ ಹಚ್ಚಿದರೆ ಜಗಳ ಖಚಿತ. ಎಸ್‌ಡಿಎಫ್ ಹಚ್ಚಿದ ಕೂಡಲೇ ಪೊಟ್ಯಾಸಿಯಂ ಅಯೊಡೈಡ್ ಸವರಿದರೆ ಕಪ್ಪು ಕಡಿಮೆಯಾಗುತ್ತದೆ, ಆದರೆ ಕಾಲಕ್ರಮೇಣ ಮತ್ತೆ ಕಾಣಿಸಿಕೊಳ್ಳುವುದುಂಟು. ಮೇಲೆ ಬಿಳಿಯ ಸಿಮೆಂಟು ಮೆತ್ತಿದರೆ ಮರೆಯಾಗುತ್ತದೆ, ಅಂಚಿನಲ್ಲಿ ತುಸು ಬೂದುಛಾಯೆ ಇಣುಕುತ್ತದೆ.

ಹಾಲಿನ ಬಾಚಿಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ಅವುಗಳ ಜೊತೆ ಕಪ್ಪೂ ಹೋಗುತ್ತದೆ. ಕೆಳಗಿನಿಂದ ಬರುವ ಹಲ್ಲಿಗೆ ಆ ಬಣ್ಣ ಇರುವುದಿಲ್ಲ. ಹಾಲಿನ ದವಡೆಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರುತ್ತದೆ. ಎಚ್ಚರ ಬೇಕಾದದ್ದು ಆರನೆಯ ವರ್ಷದ ಹೊತ್ತಿಗೆ ಎಲ್ಲಕ್ಕಿಂತ ಹಿಂದೆ ಹುಟ್ಟುವ ದವಡೆಹಲ್ಲಿನ ವಿಷಯದಲ್ಲಿ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ. ಅದು ಕೊನೆತನಕ ಇರಬೇಕಾದ ಹಲ್ಲು. ಹುಳುಕಾದ ಮೇಲೆ ಅದಕ್ಕೆ ಹಚ್ಚಿದ ಬೆಳ್ಳಿಯ ಕಪ್ಪು ತಾನಾಗಿ ಹೋಗುವುದಿಲ್ಲ.