ವೋಲ್ಟೇಜ್ ಸ್ಟೆಬಿಲೈಸರಿನ ಟ್ಯಾಪ್ ಬದಲಾವಣೆಯ ದೋಷಗಳು

ರಿಲೇ ಬಳಸುವ ವೋಲ್ಟೇಜ್ ಸ್ಟೆಬಿಲೈಸರಿನಲ್ಲಿ ರಿಲೇಗಳು ಪದೇ ಪದೇ 'ಟಕ್ ಟಕ್' ಎಂದು ಸದ್ದು ಮಾಡುವುದು ಹಾಗೂ ಅದರೊಂದಿಗೆ ಹೊರಹೋಗುವ ವೋಲ್ಟೇಜ್ ನಿಗದಿತ ಮಿತಿಯನ್ನು ಮೀರುವುದು ಸಾಮಾನ್ಯವಾಗಿ ಕಂಡುಬರುವ ದೋಷಲಕ್ಷಣವಾಗಿದೆ. ಸದ್ದೊಂದೇ ದೋಷದ ಸ್ಥಳವನ್ನು ತಿಳಿಸುವುದಿಲ್ಲ. ಯಾವ ಟ್ಯಾಪ್ ಬೇಕೆಂದು ನಿರ್ಧರಿಸುವ ನಿಯಂತ್ರಣ ಮಂಡಲವು ಗೊಂದಲಕ್ಕೊಳಗಾಗಿರಬಹುದು. ಅಥವಾ ನಿರ್ಧಾರ ಸರಿಯಿದ್ದರೂ ಅದನ್ನು ಜಾರಿಗೊಳಿಸುವ ರಿಲೇ ಕೆಟ್ಟಿರಬಹುದು. ಒಳಬರುವ ಮತ್ತು ಹೊರಹೋಗುವ ವೋಲ್ಟೇಜುಗಳನ್ನು ಒಟ್ಟಿಗೆ ಅಳೆದು ಅವುಗಳ ಅನುಪಾತವನ್ನು ಗಮನಿಸಿದರೆ ಈ ಎರಡನ್ನೂ ಪ್ರತ್ಯೇಕಿಸಬಹುದು.

## ರಚನೆ

ಭಾರತದಲ್ಲಿ ಮನೆಗಳಿಗೆ ಪೂರೈಕೆಯಾಗುವ ವಿದ್ಯುತ್ತಿನ ನಿಗದಿತ ವೋಲ್ಟೇಜ್ 230 ವೋಲ್ಟ್. ರೆಫ್ರಿಜರೇಟರ್ ಮತ್ತು ಹವಾನಿಯಂತ್ರಕಗಳಿಗೆ ಜೋಡಿಸುವ ಸ್ಟೆಬಿಲೈಸರುಗಳಲ್ಲಿ ಸಾಮಾನ್ಯವಾಗಿ ಒಂದು ಆಟೋಟ್ರಾನ್ಸ್‌ಫಾರ್ಮರ್ ಇರುತ್ತದೆ. ಇದರಲ್ಲಿ ಒಂದೇ ಸುರುಳಿಯಿದ್ದು, ಅದರ ಬೇರೆ ಬೇರೆ ಸುತ್ತುಗಳಿಂದ ತಂತಿಗಳನ್ನು ಹೊರತೆಗೆದಿರುತ್ತಾರೆ. ಈ ತಂತಿಗಳೇ ಟ್ಯಾಪುಗಳು. ಒಳಬರುವ ವಿದ್ಯುತ್ತು ಒಂದು ಟ್ಯಾಪಿಗೆ ಸದಾ ಜೋಡಿಸಲ್ಪಟ್ಟಿರುತ್ತದೆ. ಹೊರಹೋಗುವ ತಂತಿಯನ್ನು ರಿಲೇಗಳು ಬೇರೆ ಬೇರೆ ಟ್ಯಾಪುಗಳಿಗೆ ಬದಲಿಸುತ್ತವೆ.

ಈ ಲೇಖನದಲ್ಲಿ ನಾಲ್ಕು ಟ್ಯಾಪುಗಳು ಹಾಗೂ ಮೂರು ರಿಲೇಗಳಿರುವ ಸ್ಟೆಬಿಲೈಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಅದು ಹೀಗೆ ಕೆಲಸ ಮಾಡುತ್ತದೆ:

| ಒಳಬರುವ ವೋಲ್ಟೇಜ್ | ಅನುಪಾತ | ಹೊರಹೋಗುವ ವೋಲ್ಟೇಜ್ |
|---|---|---|
| 145–175 | 1.32 | 191–231 |
| 175–205 | 1.15 | 201–236 |
| 205–240 | 1.00 | 205–240 |
| 240–275 | 0.87 | 209–239 |

ರಿಲೇಗಳನ್ನು ಸರಪಳಿಯಂತೆ ಜೋಡಿಸಲಾಗಿದೆ. ಮೂರನೆಯ ರಿಲೇ ಸೆಳೆದಾಗ ಹೊರತಂತಿಯು 1.32ರ ಟ್ಯಾಪಿಗೆ ಸೇರುತ್ತದೆ. ಬಿಟ್ಟಾಗ ಎರಡನೆಯ ರಿಲೇಯ ಕಡೆಗೆ ಹೋಗುತ್ತದೆ. ಎರಡನೆಯದು ಸೆಳೆದಾಗ 1.15ರ ಟ್ಯಾಪು ದೊರೆಯುತ್ತದೆ. ಬಿಟ್ಟಾಗ ಸರದಿಯು ಮೊದಲನೆಯ ರಿಲೇಗೆ ಬರುತ್ತದೆ. ಮೊದಲನೆಯದು ಸೆಳೆದರೆ 1.00, ಬಿಟ್ಟರೆ 0.87. ಹೀಗಾಗಿ ನಿಯಂತ್ರಣ ಮಂಡಲವು ಸಂಪೂರ್ಣವಾಗಿ ಸತ್ತುಹೋದರೂ ಹೊರಗೆ ದೊರೆಯುವುದು ಅತಿ ಕಡಿಮೆ ವೋಲ್ಟೇಜು ಮಾತ್ರ. ಎರಡು ಟ್ಯಾಪುಗಳು ಒಂದಕ್ಕೊಂದು ಶಾರ್ಟ್ ಆಗುವ ಸಂಭವವೂ ಈ ಜೋಡಣೆಯಲ್ಲಿ ಕಡಿಮೆ.

## ಅನುಪಾತದ ಪರೀಕ್ಷೆ

ಹೊರಹೋಗುವ ವೋಲ್ಟೇಜನ್ನು ಮಾತ್ರ ಅಳೆದರೆ ಹೆಚ್ಚೇನೂ ತಿಳಿಯುವುದಿಲ್ಲ. 253 ವೋಲ್ಟ್ ಎಂಬ ಅಳತೆಯು ಒಳಗೆ 220 ಇರುವಾಗ ಒಂದು ಅರ್ಥವನ್ನೂ, 291 ಇರುವಾಗ ಬೇರೊಂದು ಅರ್ಥವನ್ನೂ ಕೊಡುತ್ತದೆ. ಎರಡೂ ಬದಿಯ ವೋಲ್ಟೇಜುಗಳನ್ನು ಒಂದೇ ಸಮಯದಲ್ಲಿ ಅಳೆದು ಭಾಗಿಸಿದಾಗ ದೊರೆಯುವ ಅನುಪಾತವು ಸುರುಳಿಯ ಸುತ್ತುಗಳಿಂದಲೇ ನಿರ್ಧಾರವಾಗುವುದರಿಂದ, ಆರೋಗ್ಯಕರ ಯಂತ್ರದಲ್ಲಿ ಅದು ಮೇಲಿನ ನಾಲ್ಕು ಸಂಖ್ಯೆಗಳಲ್ಲಿ ಒಂದಕ್ಕೆ ಬಹಳ ಸಮೀಪವಿರಲೇಬೇಕು.

ಇದರಿಂದ ಮೂರು ಸ್ಥಿತಿಗಳನ್ನು ಗುರುತಿಸಬಹುದು. ಅನುಪಾತವು ಆ ವ್ಯಾಪ್ತಿಗೆ ತಕ್ಕುದಾಗಿದ್ದೂ ಸದ್ದು ನಿಲ್ಲದಿದ್ದರೆ ತೊಂದರೆಯು ನಿರ್ಧಾರದ ಗಡಿಯಲ್ಲಿ ಅಥವಾ ವಿದ್ಯುತ್ ಮಾರ್ಗದಲ್ಲಿದೆ. ಅನುಪಾತವು ನಾಲ್ಕರಲ್ಲಿ ಒಂದಾಗಿದ್ದೂ ಆ ವ್ಯಾಪ್ತಿಗೆ ಸಲ್ಲದ್ದಾಗಿದ್ದರೆ, ತಪ್ಪು ಟ್ಯಾಪು ಆಯ್ಕೆಯಾಗಿದೆ ಅಥವಾ ರಿಲೇ ಅಂಟಿಕೊಂಡಿದೆ. ಅನುಪಾತವು ಯಾವುದಕ್ಕೂ ಹೊಂದದೆ ಅಲೆದಾಡುತ್ತಿದ್ದರೆ ಅಥವಾ ಸೊನ್ನೆಯಾಗಿದ್ದರೆ ಸಂಪರ್ಕಬಿಂದು ಸುಟ್ಟಿದೆ, ತಂತಿ ಬಿಟ್ಟಿದೆ ಅಥವಾ ಸುರುಳಿ ಕೆಟ್ಟಿದೆ.

ಅಳೆಯುವಾಗ ಸಣ್ಣದೊಂದು ಹೊರೆಯನ್ನು ಜೋಡಿಸಿರುವುದು ಅವಶ್ಯಕ. ಮಲ್ಟಿಮೀಟರು ಅತ್ಯಲ್ಪ ಪ್ರವಾಹವನ್ನು ಸೆಳೆಯುವುದರಿಂದ, ಮಸಿಗಟ್ಟಿದ ಸಂಪರ್ಕಬಿಂದುವಿನ ಮೂಲಕವೂ ಪೂರ್ಣ ವೋಲ್ಟೇಜನ್ನು ತೋರಿಸಬಲ್ಲದು. ಸರಣಿಯಲ್ಲಿ ಜೋಡಿಸಿದ 60 ವ್ಯಾಟಿನ ಎರಡು ತಂತುದೀಪಗಳು ಇದಕ್ಕೆ ಸಾಕು. ವೋಲ್ಟೇಜ್ 300ಕ್ಕೆ ಏರಿದರೂ ಅವು ಸುಟ್ಟುಹೋಗುವುದಿಲ್ಲ.

## ಅನುಪಾತ ಸರಿಯಿದ್ದೂ ಸದ್ದು ನಿಲ್ಲದಿರುವುದು

ಒಳಬರುವ ವೋಲ್ಟೇಜ್ 205ರ ಗಡಿಯಲ್ಲೇ ಓಲಾಡುತ್ತಿದ್ದರೆ ರಿಲೇ ಸೆಳೆಯುತ್ತ ಬಿಡುತ್ತ ಇರಬಹುದು. ಇದನ್ನು ತಡೆಯಲು ನಿಯಂತ್ರಣ ಮಂಡಲದಲ್ಲಿ ಏರುವ ಮತ್ತು ಇಳಿಯುವ ಗಡಿಗಳ ನಡುವೆ ಅಂತರವನ್ನಿಟ್ಟಿರುತ್ತಾರೆ. ಉದಾಹರಣೆಗೆ, 205ಕ್ಕೆ ಇಳಿದಾಗ ಬದಲಾದ ಟ್ಯಾಪು 209ಕ್ಕೆ ಏರಿದಾಗ ಮಾತ್ರ ಹಿಂದಿರುಗುತ್ತದೆ. ಈ ಅಂತರವನ್ನು ಹಿಸ್ಟೆರಿಸಿಸ್ ಎನ್ನುತ್ತಾರೆ. ಅಳತೆಯ ಮಂಡಲದ ಎಲೆಕ್ಟ್ರೋಲೈಟಿಕ್ ಕೆಪಾಸಿಟರು ವಯಸ್ಸಾಗಿ ಒಣಗಿದಾಗ, ಅದು ಸಮಗೊಳಿಸಬೇಕಾದ ವೋಲ್ಟೇಜಿನಲ್ಲಿ ಸೆಕೆಂಡಿಗೆ 100 ಬಾರಿ ಏರಿಳಿತ ಉಳಿಯುತ್ತದೆ. ಏರಿಳಿತವು ಹಿಸ್ಟೆರಿಸಿಸ್ಸಿಗಿಂತ ದೊಡ್ಡದಾದರೆ ರಿಲೇಯು ಬಿಡಿಬಿಡಿಯಾಗಿ ಸದ್ದು ಮಾಡುವ ಬದಲು 'ಗರ್ರ್' ಎಂದು ಅದುರುತ್ತದೆ. ಗಡಿಯ ಸಮೀಪದಲ್ಲಿ ಮಾತ್ರ ಕೇಳಿಬರುವ ಈ ಅದುರುವ ಸದ್ದು ಕೆಪಾಸಿಟರಿನ ಕಡೆಗೆ ಬೆರಳು ತೋರಿಸುತ್ತದೆ.

ಎರಡನೆಯ ಬಗೆಯಲ್ಲಿ ಸ್ಟೆಬಿಲೈಸರು ನಿರ್ದೋಷಿ. ಉದ್ದನೆಯ ವಿದ್ಯುತ್ ಮಾರ್ಗದ ಕೊನೆಯಲ್ಲಿರುವ ಒಂದು ಮನೆಯಲ್ಲಿ ಹೊರೆಯಿಲ್ಲದಾಗ 153 ವೋಲ್ಟ್ ಇದೆ, ಮಾರ್ಗದ ಒಟ್ಟು ರೋಧ 1 ಓಮ್ ಇದೆ ಎಂದುಕೊಳ್ಳೋಣ. ಹವಾನಿಯಂತ್ರಕವು 8 ಆಂಪಿಯರ್ ಸೆಳೆಯುತ್ತದೆ. ವೋಲ್ಟೇಜನ್ನು 1.32 ಪಟ್ಟು ಏರಿಸುವ ಸ್ಟೆಬಿಲೈಸರು ಮಾರ್ಗದಿಂದ ಅಷ್ಟೇ ಪಟ್ಟು ಹೆಚ್ಚು, ಅಂದರೆ ಸುಮಾರು 10.6 ಆಂಪಿಯರ್ ಸೆಳೆಯಬೇಕಾಗುತ್ತದೆ. ಮಾರ್ಗದಲ್ಲಿಯೇ 10.6 ವೋಲ್ಟ್ ನಷ್ಟವಾಗಿ ಒಳಬರುವುದು ಸುಮಾರು 142ಕ್ಕೆ ಕುಸಿಯುತ್ತದೆ. ಇದು 145ರ ಕಡಿತಮಿತಿಗಿಂತ ಕಡಿಮೆಯಾದ್ದರಿಂದ ಸ್ಟೆಬಿಲೈಸರು ಹೊರೆಯನ್ನು ಬೇರ್ಪಡಿಸುತ್ತದೆ. ಹೊರೆ ಹೋದೊಡನೆ ವೋಲ್ಟೇಜ್ 153ಕ್ಕೆ ಮರಳುತ್ತದೆ, ಸ್ಟೆಬಿಲೈಸರು ಮತ್ತೆ ಜೋಡಿಸುತ್ತದೆ, ಮತ್ತೆ ಕಡಿತವಾಗುತ್ತದೆ. ಮೂರು ನಿಮಿಷದ ವಿಳಂಬ ಸೌಲಭ್ಯವಿರುವ ಯಂತ್ರದಲ್ಲಿ ಈ ಚಕ್ರವು ಮೂರು ನಿಮಿಷಕ್ಕೊಮ್ಮೆ, ಇಲ್ಲದಿದ್ದಲ್ಲಿ ಕೆಲವೇ ಸೆಕೆಂಡುಗಳಿಗೊಮ್ಮೆ ಸಾಗುತ್ತದೆ. ಹೊರೆಯನ್ನು ತೆಗೆದಾಗ ಸದ್ದು ನಿಂತು, ಒಳಬರುವ ವೋಲ್ಟೇಜು ಏರುವುದು ಇದರ ಗುರುತು. ಇಲ್ಲಿ ಸ್ಟೆಬಿಲೈಸರನ್ನು ದುರಸ್ತಿ ಮಾಡಿದರೆ ಪ್ರಯೋಜನವಿಲ್ಲ. ಸಡಿಲವಾದ ಜೋಡಣೆ, ತೆಳುವಾದ ತಂತಿ ಅಥವಾ ಮಾರ್ಗದ ಮಿತಿಮೀರಿದ ಹೊರೆಯನ್ನು ಸರಿಪಡಿಸಬೇಕು.

ನಿರಂತರ ಸದ್ದನ್ನು ಕಡೆಗಣಿಸಿದರೆ ಮೊದಲ ತೊಂದರೆಯು ಎರಡನೆಯದನ್ನು ಹುಟ್ಟುಹಾಕುತ್ತದೆ. ಈ ಬಗೆಯ ರಿಲೇಗಳು ಪೂರ್ಣ ಹೊರೆಯಲ್ಲಿ ತಾಳುವುದು ಸಾಮಾನ್ಯವಾಗಿ ಸುಮಾರು ಒಂದು ಲಕ್ಷ ಬದಲಾವಣೆಗಳನ್ನು. ಐದು ಸೆಕೆಂಡಿಗೊಮ್ಮೆ ಬದಲಾಗುವ ರಿಲೇ ದಿನಕ್ಕೆ 17,280 ಬಾರಿ ಕೆಲಸ ಮಾಡಿ, ಆರು ದಿನಗಳಲ್ಲಿ ಆ ಆಯುಷ್ಯವನ್ನು ಮುಗಿಸುತ್ತದೆ.

## ಟ್ಯಾಪ್ ಬದಲಾವಣೆಯ ದೋಷಗಳು

ಪ್ರತಿ ಬದಲಾವಣೆಯಲ್ಲೂ ಸಂಪರ್ಕಬಿಂದುಗಳ ನಡುವೆ ಕಿಡಿ ಹಾರುತ್ತದೆ. ಕಂಪ್ರೆಸರು ಪ್ರಾರಂಭವಾಗುವ ಕ್ಷಣದಲ್ಲಿ ಅದು ಸೆಳೆಯುವ ಪ್ರವಾಹವು ಸಾಮಾನ್ಯ ಪ್ರವಾಹದ ಹಲವು ಪಟ್ಟು ಇರುತ್ತದೆ. ಅದೇ ಕ್ಷಣದಲ್ಲಿ ವೋಲ್ಟೇಜ್ ಕುಸಿದು ರಿಲೇ ಬದಲಾದರೆ ಕಿಡಿಯು ಅತ್ಯಂತ ತೀವ್ರವಾಗಿರುತ್ತದೆ. ಇದರ ಪರಿಣಾಮವು ಎರಡು ರೀತಿಯದ್ದಾಗಿರುತ್ತದೆ. ಸಂಪರ್ಕಬಿಂದು ಸವೆದು ಮಸಿಗಟ್ಟಿದರೆ ಆ ಟ್ಯಾಪಿನಲ್ಲಿ ಮಾತ್ರ ವೋಲ್ಟೇಜು ದೊರೆಯುವುದಿಲ್ಲ ಅಥವಾ ದೀಪ ಮಿಣುಕುತ್ತದೆ. ರಿಲೇಯ ಸದ್ದು ಮತ್ತು ಸೂಚಕ ದೀಪ ಮಾಮೂಲಿನಂತೆಯೇ ಇರುತ್ತವೆ. ಸಂಪರ್ಕಬಿಂದು ಕರಗಿ ಬೆಸೆದುಕೊಂಡರೆ ಸೆಳೆತ ಬಿಟ್ಟ ಮೇಲೂ ಟ್ಯಾಪು ಬದಲಾಗುವುದಿಲ್ಲ. ಇವೆರಡರಲ್ಲಿ ಅಪಾಯಕಾರಿಯಾದುದು ಎರಡನೆಯದು.

ಸುರುಳಿಯ ಸುತ್ತುಗಳೇ ಶಾರ್ಟ್ ಆಗಿದ್ದರೆ ಲಕ್ಷಣ ಬೇರೆ: ಹೊರೆಯಿಲ್ಲದಿದ್ದರೂ ಟ್ರಾನ್ಸ್‌ಫಾರ್ಮರು ಬಿಸಿಯಾಗುತ್ತದೆ, ಜೋರಾಗಿ ಗುಂಯ್‌ಗುಡುತ್ತದೆ, ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ.

## ಒಂದು ಉದಾಹರಣೆ

ಮೇಲೆ ವಿವರಿಸಿದ ಸ್ಟೆಬಿಲೈಸರೊಂದಕ್ಕೆ ವೇರಿಯಾಕ್ ಮೂಲಕ ಬೇರೆ ಬೇರೆ ವೋಲ್ಟೇಜುಗಳನ್ನು ಕೊಟ್ಟಾಗ ಈ ಅಳತೆಗಳು ದೊರೆತಿವೆ ಎಂದುಕೊಳ್ಳೋಣ:

| ಒಳಬರುವ ವೋಲ್ಟೇಜ್ | ಹೊರಹೋಗುವ ವೋಲ್ಟೇಜ್ | ದೊರೆತ ಅನುಪಾತ | ಇರಬೇಕಾದ ಅನುಪಾತ |
|---|---|---|---|
| 160 | 211 | 1.32 | 1.32 |
| 190 | 218 | 1.15 | 1.15 |
| 220 | 253 | 1.15 | 1.00 |
| 255 | 293 | 1.15 | 0.87 |

ದೊರೆತ ಅನುಪಾತಗಳೆಲ್ಲವೂ ಯಂತ್ರಕ್ಕೆ ಸೇರಿದ ಸಂಖ್ಯೆಗಳೇ ಆಗಿರುವುದರಿಂದ ಸುರುಳಿ ಸರಿಯಿದೆ. 240ರ ಗಡಿಯನ್ನು ದಾಟುವಾಗ ಮೊದಲನೆಯ ರಿಲೇ ಸದ್ದು ಮಾಡುತ್ತದೆ, ಆದರೆ ಅನುಪಾತ ಬದಲಾಗುವುದಿಲ್ಲ. ಆದ್ದರಿಂದ ನಿಯಂತ್ರಣ ಮಂಡಲವು ಸರಿಯಾದ ಆಜ್ಞೆಯನ್ನೇ ಕೊಡುತ್ತಿದೆ. ಮೂರನೆಯ ರಿಲೇ ಸೆಳೆದಾಗ 1.32 ದೊರೆಯುವುದರಿಂದ ಅದೂ ನಿರ್ದೋಷಿ. ಅದು ಬಿಟ್ಟಾಗಲೆಲ್ಲ 1.15 ಮಾತ್ರ ದೊರೆಯುತ್ತಿರುವುದರಿಂದ ಸರಪಳಿಯು ಎರಡನೆಯ ರಿಲೇಯಲ್ಲಿಯೇ ನಿಂತಿದೆ. ಸೆಳೆತದ ಸುರುಳಿಗೆ ವಿದ್ಯುತ್ತಿಲ್ಲದಿದ್ದರೂ ಅದರ ಸಂಪರ್ಕಬಿಂದು 1.15ರ ಟ್ಯಾಪಿಗೆ ಬೆಸೆದುಕೊಂಡಿದೆ. ಮೊದಲನೆಯ ರಿಲೇ ಎಷ್ಟೇ ಬದಲಾದರೂ ಅದರ ಪರಿಣಾಮವು ಹೊರಗೆ ತಲುಪುವುದಿಲ್ಲ.

ಈ ದೋಷವು ಬಹುಕಾಲ ಮರೆಯಾಗಿಯೇ ಉಳಿಯಬಲ್ಲದು. ಹಗಲಿನಲ್ಲಿ 180ರಿಂದ 200 ವೋಲ್ಟ್ ಮಾತ್ರ ಬರುವ ಮನೆಯಲ್ಲಿ ಯಂತ್ರವು ಸರಿಯಾಗಿಯೇ ಕೆಲಸ ಮಾಡುತ್ತಿರುವಂತೆ ತೋರುತ್ತದೆ. ರಾತ್ರಿ ಮಾರ್ಗದ ಹೊರೆ ಇಳಿದು ವೋಲ್ಟೇಜ್ 230ಕ್ಕೆ ಏರಿದಾಗ, ರೆಫ್ರಿಜರೇಟರಿಗೆ 264 ವೋಲ್ಟ್ ತಲುಪುತ್ತದೆ. ಹೆಚ್ಚು ವೋಲ್ಟೇಜಿನ ಕಡಿತವು ಹೊರಬದಿಯನ್ನು ಅಳೆಯದೆ ಒಳಬದಿಯನ್ನಷ್ಟೇ ಅಳೆಯುವ ವಿನ್ಯಾಸದಲ್ಲಿ ಇದನ್ನು ತಡೆಯುವವರು ಯಾರೂ ಇರುವುದಿಲ್ಲ. ಸ್ಟೆಬಿಲೈಸರು ಇಲ್ಲದಿದ್ದರೆ ಆಗದ ಹಾನಿಯು ಅದರಿಂದಲೇ ಆಗುತ್ತದೆ.

## ಖಚಿತಪಡಿಸಿಕೊಳ್ಳುವುದು ಮತ್ತು ದುರಸ್ತಿ

ಪ್ಲಗ್ಗನ್ನು ತೆಗೆದು ಮಲ್ಟಿಮೀಟರಿನ ನಿರಂತರತೆಯ ಪರೀಕ್ಷೆಯಿಂದ ಬೆಸುಗೆಯನ್ನು ಖಚಿತಪಡಿಸಿಕೊಳ್ಳಬಹುದು. ಆದರೆ ರಿಲೇಯು ಮಂಡಲದಲ್ಲಿರುವಾಗಲೇ ಪರೀಕ್ಷಿಸಿದರೆ ಫಲಿತಾಂಶವು ದಾರಿತಪ್ಪಿಸುತ್ತದೆ. ಟ್ಯಾಪುಗಳ ನಡುವಿನ ಸುರುಳಿಯ ರೋಧವು ಬಹಳ ಕಡಿಮೆಯಿರುವುದರಿಂದ, ಒಳ್ಳೆಯ ರಿಲೇಯೂ ಬೆಸೆದುಕೊಂಡಂತೆ 'ಬೀಪ್' ಕೊಡಿಸುತ್ತದೆ. ಟ್ಯಾಪಿನ ತಂತಿಯನ್ನು ರಿಲೇಯಿಂದ ಬಿಡಿಸಿದ ನಂತರವೇ ಅಳೆಯಬೇಕು.

ತಟ್ಟಿದಾಗ ಬಿಟ್ಟುಕೊಳ್ಳುವ ರಿಲೇಯನ್ನು ಮತ್ತೆ ಬಳಸುವುದು ಸೂಕ್ತವಲ್ಲ. ಒಮ್ಮೆ ಕರಗಿದ ಮೇಲ್ಮೈಯು ಒರಟಾಗಿದ್ದು ಬೇಗನೆ ಮತ್ತೊಮ್ಮೆ ಬೆಸೆದುಕೊಳ್ಳುತ್ತದೆ. ಸುರುಳಿಯ ವೋಲ್ಟೇಜ್, ಸಂಪರ್ಕಬಿಂದುವಿನ ಆಂಪಿಯರ್ ಮಿತಿ ಹಾಗೂ ಕಾಲುಗಳ ಜೋಡಣೆ ಮೂರೂ ಹೊಂದುವ ಹೊಸ ರಿಲೇಯನ್ನು ಹಾಕಿ, ಬೆಸುಗೆಗೆ ಕಾರಣವಾದ ಹಿಸ್ಟೆರಿಸಿಸ್, ಕೆಪಾಸಿಟರ್ ಅಥವಾ ಮಾರ್ಗದ ತೊಂದರೆಯನ್ನೂ ಪರಿಶೀಲಿಸಬೇಕಾಗುತ್ತದೆ.

ಆಟೋಟ್ರಾನ್ಸ್‌ಫಾರ್ಮರಿನಲ್ಲಿ ಒಳ ಮತ್ತು ಹೊರ ಬದಿಗಳ ನಡುವೆ ವಿದ್ಯುತ್ ಪ್ರತ್ಯೇಕತೆ ಇರುವುದಿಲ್ಲ. ವೇರಿಯಾಕ್ ಕೂಡ ಅಂಥದ್ದೇ. ಅಗ್ಗದ ಸ್ಟೆಬಿಲೈಸರುಗಳಲ್ಲಿ ನಿಯಂತ್ರಣ ಫಲಕವೂ ಮುಖ್ಯ ವಿದ್ಯುತ್ತಿಗೆ ನೇರವಾಗಿ ಜೋಡಿಸಲ್ಪಟ್ಟಿರಬಹುದು. ಹೀಗಾಗಿ ಮುಚ್ಚಳ ತೆರೆದು ಮಾಡುವ ಅಳತೆಗಳು ಅನುಭವಿ ತಂತ್ರಜ್ಞರ ಕೆಲಸ. ಒಳ ಮತ್ತು ಹೊರ ವೋಲ್ಟೇಜುಗಳೆರಡನ್ನೂ ತೋರಿಸುವ ಯಂತ್ರವಾದರೆ, ಮುಚ್ಚಳವನ್ನು ತೆರೆಯದೆಯೇ ಬಳಕೆದಾರರು ಅನುಪಾತವನ್ನು ಲೆಕ್ಕಹಾಕಬಹುದು. ಹೊರಹೋಗುವುದು 250ನ್ನು ಮೀರಿ ನಿಂತಿದ್ದರೆ ಉಪಕರಣವನ್ನು ಕೂಡಲೇ ಬೇರ್ಪಡಿಸಬೇಕು.