ನೀಲಿ ಗೆರೆಯೊಳಗೆ ಕಾರು: ಇಟಲಿಯ ಪಾರ್ಕಿಂಗ್ ಆ್ಯಪ್ ಕೇಳುವ ಮೂರು ವಿವರಗಳು

ಇಟಲಿಯ ಬೀದಿಗಳಲ್ಲಿ ಕಾರು ನಿಲ್ಲಿಸಲು ಹಣ ಕೊಡಬೇಕೇ ಬೇಡವೇ ಎಂಬುದನ್ನು ನೆಲದ ಮೇಲೆ ಬಳಿದ ಗೆರೆಯ ಬಣ್ಣ ಹೇಳುತ್ತದೆ. ಬಿಳಿ ಗೆರೆಯ ಜಾಗದಲ್ಲಿ ಸಾಮಾನ್ಯವಾಗಿ ಶುಲ್ಕವಿಲ್ಲ, ಕೆಲವೆಡೆ ಅವಧಿಯ ಮಿತಿ ಮಾತ್ರ ಇರುತ್ತದೆ. ಹಳದಿ ಗೆರೆಯ ಜಾಗ ಸ್ಥಳೀಯ ನಿವಾಸಿಗಳಿಗೆ, ಅಂಗವಿಕಲರಿಗೆ ಅಥವಾ ಸರಕು ಇಳಿಸುವ ವಾಹನಗಳಿಗೆ ಮೀಸಲು. ನೀಲಿ ಗೆರೆಯ ಜಾಗಕ್ಕೆ ಹಣ ಕಟ್ಟಬೇಕು. ಕಟ್ಟಲು ಹಿಂದೆ ಪಾದಚಾರಿ ಮಾರ್ಗದಲ್ಲಿರುವ ಯಂತ್ರವೊಂದೇ ದಾರಿಯಾಗಿತ್ತು. ನಾಣ್ಯ ಹಾಕಿ, ಚೀಟಿ ತೆಗೆದು, ಅದನ್ನು ಕಾರಿನ ಮುಂಗಾಜಿನ ಒಳಗೆ ಕಾಣುವಂತೆ ಇಡಬೇಕಿತ್ತು. ಈಗ ಈಸಿಪಾರ್ಕ್, ಮೂನಿಗೋ, ಟೆಲಿಪಾಸ್‌ನಂಥ ಆ್ಯಪ್‌ಗಳು ಅದೇ ಕೆಲಸವನ್ನು ಫೋನಿನಲ್ಲಿ ಮುಗಿಸುತ್ತವೆ. ಅವು ಕೇಳುವುದು ಮೂರೇ ವಿವರ: ಯಾವ ವಲಯ, ಯಾವ ನಂಬರ್ ಪ್ಲೇಟ್, ಎಷ್ಟು ಹೊತ್ತು.

ಈ ಮೂರಕ್ಕೆ ಏಕಿಷ್ಟು ಮಹತ್ವ ಎಂಬುದು ತಪಾಸಣೆಯ ಕ್ರಮ ನೋಡಿದರೆ ತಿಳಿಯುತ್ತದೆ. ನೀಲಿ ಗೆರೆಗಳನ್ನು ನಗರ ಪೊಲೀಸರಷ್ಟೇ ಅಲ್ಲ, 1997ರ ಕಾನೂನಿನಿಂದ ಅಧಿಕಾರ ಪಡೆದ ಸಂಚಾರ ಸಹಾಯಕರೂ ತಪಾಸಣೆ ಮಾಡುತ್ತಾರೆ. ಗಾಜಿನ ಒಳಗೆ ಚೀಟಿ ಇಲ್ಲದಿದ್ದರೆ ಅವರು ಕೈಯಲ್ಲಿರುವ ಉಪಕರಣಕ್ಕೆ ಕಾರಿನ ನಂಬರ್ ಹಾಕುತ್ತಾರೆ. ಆ ನಂಬರಿನ ಹೆಸರಿನಲ್ಲಿ, ಆ ಬೀದಿಯ ವಲಯಕ್ಕೆ, ಆ ಕ್ಷಣಕ್ಕೆ ಹಣ ಸಂದಿದೆಯೇ ಎಂಬುದಷ್ಟೇ ಅವರ ಪ್ರಶ್ನೆ. ಚಾಲಕನ ಫೋನಿನಲ್ಲಿ ಗಡಿಯಾರ ಓಡುತ್ತಿರುವುದು ಅವರಿಗೆ ಕಾಣುವುದಿಲ್ಲ. ಒಂದಂಕಿ ತಪ್ಪಿದರೂ ಆ್ಯಪ್ ಹಣ ಪಡೆಯುತ್ತದೆ, ಗಡಿಯಾರವನ್ನೂ ಓಡಿಸುತ್ತದೆ. ಗಾಜಿನ ಮೇಲೆ ದಂಡದ ಚೀಟಿಯೂ ಬಂದು ಕೂರುತ್ತದೆ.

ವಲಯ ಎಂದರೆ ಒಂದೇ ದರ, ಒಂದೇ ವೇಳಾಪಟ್ಟಿ ಮತ್ತು ಒಂದೇ ಗರಿಷ್ಠ ಅವಧಿ ಇರುವ ಬೀದಿಗಳ ಗುಂಪು. ಇದನ್ನು ನಿರ್ಧರಿಸುವುದು ಆಯಾ ನಗರಾಡಳಿತ. ಆ್ಯಪ್ ಕಂಪನಿಗೆ ಇದರಲ್ಲಿ ಮಾತಿಲ್ಲ. ಪ್ರತಿ ವಲಯಕ್ಕೂ ಒಂದು ಸಂಕೇತ ಸಂಖ್ಯೆ ಇರುತ್ತದೆ, ಅದನ್ನು ಫಲಕದ ಮೇಲೋ ಹಣ ಕಟ್ಟುವ ಯಂತ್ರದ ಮೇಲೋ ಅಂಟಿಸಿರುತ್ತಾರೆ. ಒಂದೇ ಬೀದಿಗೆ ಬೇರೆ ಬೇರೆ ಆ್ಯಪ್‌ಗಳು ಬೇರೆ ಬೇರೆ ಸಂಖ್ಯೆ ಬಳಸುವುದುಂಟು. ಆದ್ದರಿಂದ ತಮ್ಮ ಆ್ಯಪಿನ ಹೆಸರಿನ ಪಕ್ಕದಲ್ಲಿರುವ ಸಂಖ್ಯೆಯನ್ನೇ ಓದಬೇಕು.

ಆ್ಯಪ್ ಫೋನಿನ ಜಿಪಿಎಸ್ ನೋಡಿ ತಾನಾಗಿಯೇ ಒಂದು ವಲಯ ಸೂಚಿಸುತ್ತದೆ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಹಳೆಯ ಊರುಗಳ ಎತ್ತರದ ಕಟ್ಟಡಗಳ ನಡುವಿನ ಓಣಿಯಲ್ಲಿ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ಆಗಬಹುದು. ಎರಡು ವಲಯಗಳ ಗಡಿ ಒಂದು ರಸ್ತೆ ದಾಟಿದರೆ ಮುಗಿಯಿತು. ನಕ್ಷೆ ತೋರಿಸಿದ ವಲಯವನ್ನು ಹಾಗೆಯೇ ಒಪ್ಪಿಕೊಳ್ಳದೆ, ಅದರ ಸಂಖ್ಯೆಯನ್ನು ಫಲಕದ ಸಂಖ್ಯೆಯೊಂದಿಗೆ ಹೋಲಿಸಿ ನೋಡುವುದೇ ಸರಿಯಾದ ಕ್ರಮ. ದರ ಅನಿರೀಕ್ಷಿತವಾಗಿ ಕಡಿಮೆ ಕಂಡರೆ ಅದೂ ಒಂದು ಸುಳಿವು: ಪಕ್ಕದ, ಅಗ್ಗದ ವಲಯ ಆಯ್ಕೆಯಾಗಿರಬಹುದು.

ಫಲಕದ ಚಿಹ್ನೆಗಳನ್ನೂ ಒಮ್ಮೆ ಓದಿಕೊಳ್ಳಬೇಕು. ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಗಳು ಕೆಲಸದ ದಿನಗಳನ್ನು ಸೂಚಿಸುತ್ತವೆ. ಇಟಲಿಯ ಲೆಕ್ಕದಲ್ಲಿ ಶನಿವಾರವೂ ಕೆಲಸದ ದಿನವೇ. ವಾರಾಂತ್ಯವೆಂದು ನಿರಾಳವಾಗಿ ಕಾರು ಬಿಟ್ಟು ಹೋದ ಪ್ರವಾಸಿಗರಿಗೆ ಇದು ದುಬಾರಿ ಪಾಠ. ಶಿಲುಬೆಯ ಚಿಹ್ನೆ ಭಾನುವಾರ ಮತ್ತು ಹಬ್ಬದ ದಿನಗಳದ್ದು. ಇನ್ನೊಂದು ಗೊಂದಲ ಸಂಚಾರ ನಿರ್ಬಂಧಿತ ವಲಯದ್ದು. ZTL ಎಂಬ ಫಲಕವಿರುವ ಈ ಪ್ರದೇಶಗಳಿಗೆ ಪರವಾನಗಿ ಇಲ್ಲದೆ ಕಾರು ನುಗ್ಗಿಸಿದರೆ ಕ್ಯಾಮೆರಾ ನಂಬರ್ ಹಿಡಿಯುತ್ತದೆ. ಅದರೊಳಗಿನ ನೀಲಿ ಗೆರೆಗೆ ಆ್ಯಪಿನಲ್ಲಿ ಹಣ ಕಟ್ಟಿದ ಮಾತ್ರಕ್ಕೆ ಒಳಬರುವ ಅನುಮತಿ ಸಿಕ್ಕಂತಾಗುವುದಿಲ್ಲ.

ಎರಡನೆಯ ವಿವರ ನಂಬರ್ ಪ್ಲೇಟ್. 1994ರಿಂದ ಇಟಲಿಯ ಕಾರುಗಳಿಗೆ ಎರಡು ಅಕ್ಷರ, ಮೂರು ಅಂಕಿ, ಮತ್ತೆ ಎರಡು ಅಕ್ಷರದ ನಂಬರ್ ಕೊಡಲಾಗುತ್ತಿದೆ. AB123CD ಎಂಬುದು ಅದರ ಮಾದರಿ. ಅಂಕಿಗಳೊಂದಿಗೆ ಮತ್ತು ಬೇರೆ ಅಕ್ಷರಗಳೊಂದಿಗೆ ಬೆರೆತುಹೋಗಬಹುದಾದ I, O, Q, U ಅಕ್ಷರಗಳನ್ನು ಈ ಸರಣಿಯಲ್ಲಿ ಬಳಸುವುದಿಲ್ಲ. ಹಾಗಾಗಿ ನಡುವಿನ ಮೂರು ಸ್ಥಾನದಲ್ಲಿ ದುಂಡಗೆ ಕಂಡದ್ದು ಯಾವಾಗಲೂ ಸೊನ್ನೆ, ನೆಟ್ಟಗೆ ಕಂಡದ್ದು ಒಂದು. B ಮತ್ತು 8ರ ಅನುಮಾನವೂ ಸ್ಥಾನ ನೋಡಿದರೆ ಬಗೆಹರಿಯುತ್ತದೆ. ಎಡ ಅಂಚಿನ ನೀಲಿ ಪಟ್ಟಿಯ ದೇಶದ ಗುರುತು, ಬಲ ಅಂಚಿನ ಪಟ್ಟಿಯಲ್ಲಿರುವ ಜಿಲ್ಲೆಯ ಅಕ್ಷರಗಳು ನಂಬರಿನ ಭಾಗವಲ್ಲ, ಅವನ್ನು ಟೈಪ್ ಮಾಡಬಾರದು. ನಡುವೆ ಜಾಗವನ್ನಾಗಲಿ ಅಡ್ಡಗೆರೆಯನ್ನಾಗಲಿ ಸೇರಿಸುವ ಅಗತ್ಯವೂ ಇಲ್ಲ.

ಬಾಡಿಗೆ ಕಾರಿನವರ ತೊಂದರೆ ಬೇರೆ. ಆ್ಯಪ್ ಹಿಂದಿನ ಸಲದ ನಂಬರನ್ನು ನೆನಪಿಟ್ಟುಕೊಂಡು ಅದನ್ನೇ ಮುಂದಿಡುತ್ತದೆ. ಪ್ರಯಾಣದ ಮಧ್ಯೆ ಕಾರು ಬದಲಾಗಿದ್ದರೆ, ಹಿಂದಿರುಗಿಸಿದ ಕಾರಿನ ಹೆಸರಿನಲ್ಲಿ ಹಣ ಸಲ್ಲುತ್ತದೆ. ಹೊಸ ಕಾರಿನ ಪ್ಲೇಟಿನ ಮುಂದೆಯೇ ನಿಂತು ನಂಬರ್ ದಾಖಲಿಸಿ, ಹಳೆಯದನ್ನು ಪಟ್ಟಿಯಿಂದ ಅಳಿಸಿದರೆ ಈ ತೊಡಕಿಲ್ಲ.

ಮೂರನೆಯದು ಸಮಯ. ಒಂದು ಲೆಕ್ಕ ನೋಡಬಹುದು. ಗಂಟೆಗೆ 2 ಯೂರೊ ದರದ ವಲಯದಲ್ಲಿ ಒಬ್ಬರು ಬೆಳಿಗ್ಗೆ 10:10ಕ್ಕೆ ಕಾರು ನಿಲ್ಲಿಸಿ 12:10ರವರೆಗೆ ಅವಧಿ ಹಾಕುತ್ತಾರೆ ಎಂದಿಟ್ಟುಕೊಳ್ಳೋಣ. ಶುಲ್ಕ 4 ಯೂರೊ. ಆ್ಯಪಿನ ಸೇವಾ ಶುಲ್ಕವಿದ್ದರೆ ಅದು ಬೇರೆ. ಮುಗಿಯುವ ಮುನ್ನ ಫೋನಿಗೆ ಎಚ್ಚರಿಕೆ ಬರುತ್ತದೆ. ಊಟ ಇನ್ನೂ ಮುಗಿದಿಲ್ಲದಿದ್ದರೆ ಕುಳಿತಲ್ಲಿಂದಲೇ 12:40ರವರೆಗೆ ವಿಸ್ತರಿಸಬಹುದು, ಹೆಚ್ಚುವರಿ 1 ಯೂರೊ. ಚೀಟಿ ಯಂತ್ರದ ಕಾಲದಲ್ಲಿ ಇದಕ್ಕಾಗಿ ಕಾರಿನ ಬಳಿಗೆ ಓಡಬೇಕಿತ್ತು.

ವಿಸ್ತರಣೆಗೆ ಮಿತಿಗಳಿವೆ. ವಲಯಕ್ಕೆ ಗರಿಷ್ಠ ಎರಡು ಗಂಟೆ ಎಂದಿದ್ದರೆ ಆ್ಯಪ್ ಅದನ್ನು ದಾಟಲು ಬಿಡುವುದಿಲ್ಲ; ಆಗ ಕಾರನ್ನು ಅಲ್ಲಿಂದ ತೆಗೆಯಬೇಕಾದೀತು. ಅವಧಿ ಮುಗಿದ ಮೇಲೆ ಮಾಡಿದ ಪಾವತಿ ವಿಸ್ತರಣೆ ಎನಿಸದು. ಅದು ಹೊಸ ಪಾವತಿ, ನಡುವಿನ ಖಾಲಿ ನಿಮಿಷಗಳು ದಾಖಲೆಯಲ್ಲಿ ಉಳಿಯುತ್ತವೆ. ಹಲವು ವಲಯಗಳಲ್ಲಿ ಬೇಗ ಹಿಂದಿರುಗಿದವರು ಅವಧಿಯನ್ನು ಅಲ್ಲಿಗೇ ನಿಲ್ಲಿಸಿ, ನಿಂತಷ್ಟು ಹೊತ್ತಿಗೆ ಮಾತ್ರ ಹಣ ಕೊಡಬಹುದು. ಅಂಥ ಕಡೆ ಮೊದಲೇ ಉದಾರವಾಗಿ ಸಮಯ ಹಾಕುವುದು ಜಾಣತನ, ಏಕೆಂದರೆ ಫೋನಿನ ಚಾರ್ಜ್ ಮುಗಿದರೆ ವಿಸ್ತರಿಸುವ ದಾರಿಯೇ ಇರುವುದಿಲ್ಲ.

ವಿಸ್ತರಿಸಲು ಮರೆತವರ ವಿಷಯದಲ್ಲಿ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ರಸ್ತೆ ಸಂಹಿತೆಯ ತಿದ್ದುಪಡಿ ಸ್ವಲ್ಪ ಮೃದುವಾಗಿದೆ. ಹಣ ಕೊಟ್ಟ ಅವಧಿಯ ಶೇ 10ಕ್ಕಿಂತ ಕಡಿಮೆ ತಡವಾದರೆ ದಂಡವಿಲ್ಲ. ಶೇ 10ರಿಂದ 50ರೊಳಗಾದರೆ ದಂಡ ಅರ್ಧಕ್ಕಿಳಿಯುತ್ತದೆ. ಮೇಲಿನ ಚಾಲಕ ವಿಸ್ತರಿಸದೆ 12:20ಕ್ಕೆ ಬಂದರೆ 120 ನಿಮಿಷಕ್ಕೆ 10 ನಿಮಿಷ ತಡ, ಶೇ 8ರ ಆಸುಪಾಸು, ಹಾಗಾಗಿ ದಂಡವಿಲ್ಲ. 12:30ಕ್ಕೆ ಬಂದರೆ ಅರ್ಧ ದಂಡ. 1:10 ದಾಟಿದರೆ ರಿಯಾಯಿತಿ ಇಲ್ಲ. ಅರ್ಧ ಗಂಟೆಗಷ್ಟೇ ಹಣ ಹಾಕಿದವರಿಗೆ ಈ ಸಡಿಲಿಕೆ ಮೂರು ನಿಮಿಷಕ್ಕೂ ಸಾಲದು.

ದಂಡ ಬಿದ್ದರೆ ಐದು ದಿನದೊಳಗೆ ಕಟ್ಟಿದವರಿಗೆ ಶೇ 30 ಕಡಿತವಿದೆ. ಆದರೆ ಕಟ್ಟಿದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಸರಿಯಾದ ವಲಯಕ್ಕೆ, ಸರಿಯಾದ ನಂಬರಿಗೆ ಹಣ ಸಂದಿದ್ದೂ ದಂಡ ಬಿದ್ದಿದ್ದರೆ ಆ್ಯಪಿನ ರಸೀದಿಯೇ ಸಾಕ್ಷಿ. ಅದರೊಂದಿಗೆ 60 ದಿನದೊಳಗೆ ಜಿಲ್ಲೆಯ ಪ್ರಿಫೆಕ್ಟ್‌ಗೆ, ಅಥವಾ 30 ದಿನದೊಳಗೆ ಶಾಂತಿ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬಹುದು. ಬಾಡಿಗೆ ಕಾರಿನ ದಂಡ ಮೊದಲು ಕಂಪನಿಗೆ ಹೋಗಿ, ಅಲ್ಲಿಂದ ಚಾಲಕನ ವಿಳಾಸಕ್ಕೆ ತಿರುಗುತ್ತದೆ. ವಿದೇಶದಲ್ಲಿ ನೆಲೆಸಿದವರಿಗೆ ನೋಟಿಸ್ ಕಳಿಸಲು ಇಟಲಿಯ ಕಾನೂನು 360 ದಿನ ಕೊಡುತ್ತದೆ. ಆದ್ದರಿಂದ ಬೆಂಗಳೂರಿಗೆ ಹಿಂದಿರುಗಿದ ಪ್ರವಾಸಿಯೂ ರಸೀದಿಗಳನ್ನು ಒಂದು ವರ್ಷದವರೆಗೆ ಅಳಿಸದಿರುವುದು ಒಳ್ಳೆಯದು.